‘ಒಳಗಿಂದ ಹೋಯ್ತು ಕಣವ್ವ’: ಒಂದು ಎಸ್‌ಒಪಿ ಇಂಗ್ಲಿಷಿಗೆ ಹೋದ ಕಥೆ

“ಅಕ್ಕ, ಇಂಗ್ಲಿಷ್ ತುಂಬಾ ಚೆನ್ನಾಗಿದೆ. ಆದ್ರೆ ಇದು ನಾನಲ್ಲ.”

ಕಳೆದ ನವೆಂಬರ್‌ನ ಒಂದು ಭಾನುವಾರ, ನಂಜನಗೂಡಿನ ನಮ್ಮ ಮನೆಯ ಜಗಲಿ ಮೇಲೆ ಕೂತು ಆ ಹುಡುಗಿ ಹೀಗೆ ಹೇಳಿದಾಗ ನನಗೆ ಸ್ವಲ್ಪ ಚುರುಕ್ ಅಂದದ್ದು ನಿಜ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು ನಾನು. ಬಿಡುವಿನಲ್ಲಿ ಅನುವಾದವನ್ನೂ ಮಾಡುತ್ತೇನೆ. ಅವಳು ಟಿ. ನರಸೀಪುರ ತಾಲ್ಲೂಕಿನ ಹಳ್ಳಿಯವಳು. ಮೈಸೂರಿನಲ್ಲಿ ಬಾಟನಿ ತೆಗೆದುಕೊಂಡು ಬಿಎಸ್ಸಿ ಮಾಡಿ, ಈಗ ಸಸ್ಯರೋಗ ಶಾಸ್ತ್ರದಲ್ಲಿ ಎಂಎಸ್ಸಿಗೆ ಹೊರದೇಶಕ್ಕೆ ಅರ್ಜಿ ಹಾಕುತ್ತಿದ್ದಳು. ಅದಕ್ಕೆ ಬೇಕಾದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’, ಅಂದರೆ ನಾನು ಯಾರು, ಯಾಕೆ ಇದನ್ನೇ ಓದಬೇಕು ಅಂತ ವಿಶ್ವವಿದ್ಯಾಲಯಕ್ಕೆ ಬರೆಯುವ ಪತ್ರ, ಅವಳಿಗೆ ಕಬ್ಬಿಣದ ಕಡಲೆಯಾಗಿತ್ತು.

ಅವಳು ಮೊದಲು ತಂದು ತೋರಿಸಿದ್ದು ಯಾವುದೋ ಏಜೆನ್ಸಿಯವರು ಬರೆದುಕೊಟ್ಟ ಪ್ರತಿ. ಮೊದಲ ಸಾಲೇ ‘ಸಿನ್ಸ್ ಮೈ ಚೈಲ್ಡ್‌ಹುಡ್ ಐ ಹ್ಯಾವ್ ಬೀನ್ ಪ್ಯಾಷನೇಟ್ ಅಬೌಟ್ ಅಗ್ರಿಕಲ್ಚರ್’. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಮಂಡ್ಯದ ಹುಡುಗ ಹಾಕಿದರೂ ನಡೆಯುತ್ತದೆ, ಮೊರಾದಾಬಾದ್‌ನ ಹುಡುಗಿ ಹಾಕಿದರೂ ನಡೆಯುತ್ತದೆ. ಆ ಕಾಗದ ಬದಿಗಿಟ್ಟು ನಾನು ಹೇಳಿದೆ, “ಇದನ್ನ ಮರೆತುಬಿಡು. ಯಾಕೆ ಈ ಓದು ಅಂತ ನನಗೆ ಕನ್ನಡದಲ್ಲಿ ಬರಿ. ಇಂಗ್ಲಿಷಿಗೆ ಆಮೇಲೆ ಹೋಗೋಣ.”

ಕನ್ನಡದ ಪ್ರತಿ

ಒಂದು ವಾರ ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಪುಟದ ಫೋಟೊ ಬಂತು. ಗೆರೆ ಹಾಕಿದ ನೋಟ್‌ಬುಕ್ ಹಾಳೆ, ನೀಲಿ ಪೆನ್ನು. ಮೊದಲ ಪುಟ ಪೂರ್ತಿ ಪೀಠಿಕೆ. ರೈತ ದೇಶದ ಬೆನ್ನೆಲುಬು, ಕೈ ಕೆಸರಾದರೆ ಬಾಯಿ ಮೊಸರು, ಇತ್ಯಾದಿ. ಎರಡನೇ ಪುಟದ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಹೀಗಿತ್ತು:

“ನಾನು ಐದನೇ ಕ್ಲಾಸಿನಲ್ಲಿದ್ದಾಗ ತಾತ ಒಂದು ಬಾಳೆ ಗಿಡ ಕಡಿದು, ಸೀಳಿ, ಒಳಗೆ ತೋರಿಸಿದರು. ಬಿಳಿ ಇರಬೇಕಾದ ಕಡೆ ಕಂದು ಬಣ್ಣದ ಗೆರೆ ಗೆರೆ. ಒಳಗಿಂದ ಹೋಯ್ತು ಕಣವ್ವ ಅಂದರು.”

ತಾತ ಅಂದರೆ ತಾಯಿಯ ತಂದೆ. ಅವರ ತೋಟ ಇರುವುದು ನಂಜನಗೂಡು ತಾಲ್ಲೂಕಿನಲ್ಲಿ, ದೇವರಸನಹಳ್ಳಿ ಕಡೆ. ನಂಜನಗೂಡು ರಸಬಾಳೆಯ ಹೆಸರು ಕೇಳದವರು ಈ ಕಡೆ ಇಲ್ಲ, ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ. ಆದರೆ ಆ ಬಾಳೆಯನ್ನು ತೋಟಗಳಿಂದ ಹೆಚ್ಚುಕಡಿಮೆ ಓಡಿಸಿದ್ದು ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ, ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಹಳೆಯ ಎಲೆಗಳು ಮೊದಲು ಅಂಚಿನಿಂದ ಹಳದಿಯಾಗಿ, ಆಮೇಲೆ ಮುರಿದು ಗಿಡದ ಸುತ್ತ ಲಂಗದ ಹಾಗೆ ಜೋತುಬೀಳುತ್ತವೆ. ಒಮ್ಮೆ ಸೇರಿದ ಶಿಲೀಂಧ್ರ ದಶಕಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ.

ಇನ್ನೊಂದು ಸಾಲು ಮೂರನೇ ಪುಟದಲ್ಲಿತ್ತು: “ಮಣ್ಣು ಪರೀಕ್ಷೆ ಮಾಡಿಸಿದೆವು. ಮಣ್ಣು ಚೆನ್ನಾಗಿದೆ ಅಂತ ರಿಪೋರ್ಟ್ ಬಂತು. ಗಿಡ ಮಾತ್ರ ಸಾಯುತ್ತಲೇ ಇತ್ತು.”

ಇದನ್ನು ಓದಿ ನಾನು ಎದ್ದು ಕೂತೆ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ನೋಡುವುದು ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್ ಇಂಥವನ್ನು. ಶಿಲೀಂಧ್ರ ಇದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ರಿಪೋರ್ಟಿಗೂ ಗಿಡಕ್ಕೂ ನಡುವಿನ ಆ ಸಂದಿನಲ್ಲೇ ಅವಳ ಪ್ರಶ್ನೆ ಹುಟ್ಟಿತ್ತು. ಸಸ್ಯರೋಗ ಕಲಿಸುವ ಯಾವ ಪ್ರೊಫೆಸರ್ ಆದರೂ ಆ ಮೂರು ಸಾಲು ಓದಿ ಮುಂದಿನದನ್ನು ಓದುತ್ತಾರೆ.

ಗಾದೆ ಹೋಯಿತು, ತಾತ ಉಳಿದರು

ದನಿ ಉಳಿಸಬೇಕು ಅಂದರೆ ಕನ್ನಡದ ಬಣ್ಣವನ್ನೆಲ್ಲ ಉಳಿಸಬೇಕು ಅಂತ ಬಹಳ ಜನ ತಿಳಿದಿರುತ್ತಾರೆ. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಗಾದೆಯನ್ನು ಇಂಗ್ಲಿಷಿಗೆ ತಂದು, ಅದಕ್ಕೊಂದು ವಿವರಣೆ ಕೊಟ್ಟು, ‘ನೋಡಿ ಎಷ್ಟು ದೇಸಿ’ ಅಂತ ಬೀಗುತ್ತಿದ್ದೆ. ಆದರೆ ಗಾದೆ ಎಲ್ಲರದು. ಕೆಸರು ಮೊಸರು ಅವಳು ಕಂಡದ್ದಲ್ಲ, ಸ್ಕೂಲಿನ ಪ್ರಬಂಧದಲ್ಲಿ ಕಲಿತದ್ದು. ಸೀಳಿದ ಗಿಡದೊಳಗಿನ ಗೆರೆಗಳು ಮಾತ್ರ ಅವಳವೇ.

ಹಾಗಾಗಿ ಮೊದಲ ಪುಟ ಪೂರ್ತಿ ತೆಗೆದೆವು, ಪತ್ರ ತಾತನಿಂದಲೇ ಶುರುವಾಯಿತು. ಇಂಗ್ಲಿಷಿನಲ್ಲಿ ಅದು ಹೀಗೆ ಬಂತು: ‘ವೆನ್ ಐ ವಾಸ್ ಟೆನ್, ಮೈ ಗ್ರ್ಯಾಂಡ್‌ಫಾದರ್ ಕಟ್ ಡೌನ್ ಎ ಬನಾನಾ ಪ್ಲಾಂಟ್, ಸ್ಪ್ಲಿಟ್ ದ ಸ್ಟೆಮ್ ಅಂಡ್ ಶೋಡ್ ಮಿ ದಿ ಇನ್‌ಸೈಡ್. ವೇರ್ ಇಟ್ ಶುಡ್ ಹ್ಯಾವ್ ಬೀನ್ ವೈಟ್, ದೇರ್ ವರ್ ಬ್ರೌನ್ ಲೈನ್ಸ್.’ ಕಡಿದು, ಸೀಳಿ, ತೋರಿಸಿದರು ಅನ್ನುವ ಮೂರು ಕೆಲಸ ಅದೇ ಕ್ರಮದಲ್ಲಿ ಉಳಿದವು. ಅವಳ ವಾಕ್ಯಗಳು ಗಿಡ್ಡ, ಇಂಗ್ಲಿಷಿನಲ್ಲೂ ಗಿಡ್ಡವಾಗಿಯೇ ಇಟ್ಟೆ. ‘ಐದನೇ ಕ್ಲಾಸು’ ಮಾತ್ರ ‘ಹತ್ತು ವರ್ಷ’ ಆಯಿತು, ಯಾಕೆಂದರೆ ಅಲ್ಲಿ ಓದುವವರಿಗೆ ನಮ್ಮ ಕ್ಲಾಸಿನ ಲೆಕ್ಕ ಹಿಡಿಯುವುದಿಲ್ಲ. ‘ಕಣವ್ವ’ ಬಿಟ್ಟುಹೋಯಿತು. ಅದಕ್ಕೆ ‘ಮೈ ಡಿಯರ್’ ಅಂತ ಹಾಕಿದರೆ ನಮ್ಮ ನಂಜನಗೂಡಿನ ತಾತ ಇಂಗ್ಲೆಂಡಿನ ಲಾರ್ಡ್ ಆಗಿಬಿಡುತ್ತಿದ್ದರು. ‘ರಸಬಾಳೆ’ಯನ್ನು ಹೆಸರಾಗಿ ಹಾಗೇ ಇಟ್ಟು, ನಮ್ಮ ತಾಲ್ಲೂಕಿನ ಬಾಳೆ ತಳಿ ಅಂತ ಅದೇ ವಾಕ್ಯದಲ್ಲಿ ನಾಲ್ಕು ಪದ ಸೇರಿಸಿದೆ. ಅಡಿಟಿಪ್ಪಣಿ ಬೇಕಾಗಲಿಲ್ಲ.

ಮಾಡಿದ್ದು ಮತ್ತು ಮಾಡಿಸಿದ್ದು

ನಿಜವಾದ ಕಷ್ಟ ಬಂದದ್ದು ಸಣ್ಣ ಸಣ್ಣ ಪ್ರತ್ಯಯಗಳಲ್ಲಿ. ‘ಮಣ್ಣು ಪರೀಕ್ಷೆ ಮಾಡಿಸಿದೆವು’ ಅನ್ನುವುದನ್ನೇ ನೋಡಿ. ಏಜೆನ್ಸಿಯ ಪ್ರತಿಯಲ್ಲಿ ಅದು ‘ಐ ಟೆಸ್ಟೆಡ್ ದ ಸಾಯಿಲ್’ ಆಗಿತ್ತು. ಒಂದೇ ವಾಕ್ಯದಲ್ಲಿ ಎರಡು ಸುಳ್ಳು. ಪರೀಕ್ಷೆ ಮಾಡಿದ್ದು ಲ್ಯಾಬಿನವರು. ಮಾಡಿಸಿದ್ದೂ ಅವಳೊಬ್ಬಳಲ್ಲ, ‘ಮಾಡಿಸಿದೆವು’ ಅಂದಿದ್ದಾಳೆ. ನಮ್ಮ ‘-ಇಸು’ ಎಷ್ಟು ಪ್ರಾಮಾಣಿಕ ಅಂತ ಇಂಗ್ಲಿಷಿಗೆ ಹೋದಾಗಲೇ ಗೊತ್ತಾಗುವುದು. ನಾನು ‘ವಿ ಹ್ಯಾಡ್ ದ ಸಾಯಿಲ್ ಟೆಸ್ಟೆಡ್’ ಅಂತ ಬರೆದೆ.

ಆದರೆ ಈ ‘ನಾವು’ ಯಾರು? ಕನ್ನಡದಲ್ಲಿ ಮನೆಯವರ ಕೆಲಸಕ್ಕೆಲ್ಲ ನಾವು ಅನ್ನುತ್ತೇವೆ. ಅರ್ಜಿ ಓದುವವರಿಗೆ ಬೇಕಾದದ್ದು ನೀನು ಏನು ಮಾಡಿದೆ ಅನ್ನುವುದು. ಕೂರಿಸಿಕೊಂಡು ಕೇಳಿದೆ.

“ಮಣ್ಣು ಅಗೆದಿದ್ದು ಯಾರು?”

“ಮಾವ.”

“ಕೊಟ್ಟು ಬಂದಿದ್ದು?”

“ಮಾವ, ನಾನು ಇಬ್ರೂ. ಬೈಕಲ್ಲಿ ಹೋಗಿದ್ವಿ.”

“ರಿಪೋರ್ಟ್ ಓದಿದ್ದು?”

“ನಾನೇ. ಅದು ಇಂಗ್ಲಿಷಲ್ಲಿತ್ತಲ್ಲ ಅಕ್ಕ, ಮನೇಲಿ ಬೇರೆ ಯಾರಿಗೂ ಬರ್ತಿರ್ಲಿಲ್ಲ.”

ಕನ್ನಡದ ಪ್ರತಿಯಲ್ಲಿ ಈ ಮಾತೇ ಇರಲಿಲ್ಲ, ಅವಳಿಗೆ ಅದು ದೊಡ್ಡದು ಅನ್ನಿಸಿರಲಿಲ್ಲ. ಪಿಯುಸಿ ಹುಡುಗಿ, ಅಂಗಳದಲ್ಲಿ ತಾತನಿಗೆ ಇಂಗ್ಲಿಷ್ ರಿಪೋರ್ಟನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಾಳೆ, ಹಿಂದೆ ಬಾಳೆ ಒಣಗುತ್ತಿದೆ. “ಇದನ್ನ ನಿನ್ನ ಕೈಯಾರೆ ಕನ್ನಡದಲ್ಲಿ ಬರಿ, ಆಮೇಲೆ ನಾನು ಇಂಗ್ಲಿಷಿಗೆ ತರ್ತೀನಿ” ಅಂದೆ. ಬೇಕಾದರೆ ನಾನೇ ಬರೆಯಬಹುದಿತ್ತು. ಆದರೆ ಅನುವಾದಕಿಯ ಕೈಯಲ್ಲಿ ಹುಟ್ಟಿದ ಸಾಲು ಅನುವಾದಕಿಯ ಹಾಗೇ ಇರುತ್ತದೆ. ಅದಕ್ಕೇ ಕೇಳುವುದು ನನ್ನ ಕೆಲಸ, ಬರೆಯುವುದು ಅವಳ ಕೆಲಸ ಅಂತ ಆ ದಿನ ಗೆರೆ ಹಾಕಿಕೊಂಡೆವು.

ಇದೇ ಥರ ‘ಅಂತೆ’. “ಆಗೆಲ್ಲ ಊರ ತುಂಬ ರಸಬಾಳೆಯೇ ಇತ್ತಂತೆ” ಅಂತ ಬರೆದಿದ್ದಳು. ಆ ‘ಅಂತೆ’ ಬಿಟ್ಟರೆ ಅವಳೇ ಕಂಡು ಹೇಳಿದ ಹಾಗಾಗುತ್ತದೆ, ಹೌದಾ ಎಲ್ಲಿದೆ ಲೆಕ್ಕ ಅಂತ ಯಾರಾದರೂ ಕೇಳಬಹುದು. ‘ಮೈ ಗ್ರ್ಯಾಂಡ್‌ಫಾದರ್ ಸೇಸ್’ ಅಂತ ಮೂರು ಪದ ಸೇರಿಸಿದರೆ ಮಾತು ತಾತನದ್ದಾಗಿಯೇ ಉಳಿಯುತ್ತದೆ. ಕೇಳಿದ್ದು ಯಾವುದು, ಕಂಡದ್ದು ಯಾವುದು ಅಂತ ಬೇರೆ ಮಾಡಿ ಹೇಳುವ ಅಭ್ಯಾಸ ವಿಜ್ಞಾನ ಓದುವವರಿಗೆ ಬೇಕು. ಅವಳ ಕನ್ನಡದಲ್ಲಿ ಅದು ಮೊದಲೇ ಇತ್ತು.

‘ಓದು ನಿಂತುಹೋಯಿತು’

ಪತ್ರದಲ್ಲಿ ಒಂದು ನೋವಿನ ಜಾಗ ಇತ್ತು. ಡಿಗ್ರಿ ಮುಗಿಸಿದ ಮೇಲೆ ಎರಡು ವರ್ಷ ಖಾಲಿ. ಕನ್ನಡದಲ್ಲಿ ಅವಳು ಬರೆದದ್ದು ಒಂದೇ ಸಾಲು: “ಮನೆಯ ಪರಿಸ್ಥಿತಿಯಿಂದಾಗಿ ಓದು ನಿಂತುಹೋಯಿತು.”

ಏಜೆನ್ಸಿಯವರು ‘ಐ ಹ್ಯಾಡ್ ಟು ಡಿಸ್ಕಂಟಿನ್ಯೂ ಮೈ ಸ್ಟಡೀಸ್’ ಅಂತ ಮಾಡಿದ್ದರು. ಅದನ್ನು ಓದಿದರೆ ಕೋರ್ಸನ್ನು ಅರ್ಧಕ್ಕೆ ಬಿಟ್ಟಳು ಅನ್ನಿಸುತ್ತದೆ. ಡಿಗ್ರಿ ಮುಗಿದಿತ್ತು, ಮುಂದಿನ ಓದು ಶುರುವಾಗಲಿಲ್ಲ, ಅಷ್ಟೆ. ಅದೂ ಅಲ್ಲದೆ ‘ನಿಂತುಹೋಯಿತು’ ಅನ್ನುವಾಗ ನಿಲ್ಲಿಸಿದವರು ಯಾರೂ ಇಲ್ಲ. ಬಸ್ ಕೆಟ್ಟು ನಿಲ್ಲುವ ಹಾಗೆ ನಿಂತಿತು, ಅಪ್ಪನನ್ನೂ ದೂರುವುದಿಲ್ಲ, ತನ್ನನ್ನೂ ದೂರಿಕೊಳ್ಳುವುದಿಲ್ಲ. ಅವಳ ಸ್ವಭಾವವೇ ಹಾಗೆ. ‘ಹ್ಯಾಡ್ ಟು’ ಅಂದ ಕೂಡಲೇ ಅಲ್ಲೊಂದು ದೂರು ಸೇರಿಕೊಳ್ಳುತ್ತದೆ.

ಆದರೆ ‘ಪರಿಸ್ಥಿತಿ’ ಅನ್ನುವ ಪದ ಇಂಗ್ಲಿಷಿನಲ್ಲಿ ಏನೂ ಹೇಳುವುದಿಲ್ಲ. ನಮ್ಮಲ್ಲಿ ಅದನ್ನು ಕೇಳಿದವರು ತಲೆ ಆಡಿಸಿ ಸುಮ್ಮನಾಗುತ್ತಾರೆ. ಅಲ್ಲಿ ಅದೇ ಪದ ಏನನ್ನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. “ಎಷ್ಟು ಹೇಳಬೇಕು ಅಂತ ನೀನೇ ಹೇಳು” ಅಂದೆ. ಒಂದಷ್ಟು ಹೊತ್ತು ಸುಮ್ಮನಿದ್ದಳು. ಅಪ್ಪನಿಗೆ ಆಪರೇಷನ್ ಆಗಿತ್ತು. ಇವಳು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ತಪಾಸಣೆ ಕೆಲಸಕ್ಕೆ ಹೋಗುತ್ತಿದ್ದಳು.

“ಅಯ್ಯೋ ಪಾಪ ಅನ್ನೋ ಹಾಗೆ ಬೇಡ ಅಕ್ಕ. ನಾನು ಕೆಲಸಕ್ಕೆ ಹೋದೆ, ದುಡ್ಡು ಬಂತು, ಅಪ್ಪ ಹುಷಾರಾದ್ರು. ಅಷ್ಟೇ.”

ಆ ‘ಅಷ್ಟೇ’ ಸಿಕ್ಕಿದ ಮೇಲೆ ವಾಕ್ಯ ತಾನಾಗಿ ಬಂತು: ‘ಆಫ್ಟರ್ ಮೈ ಡಿಗ್ರಿ, ಮೈ ಸ್ಟಡೀಸ್ ಸ್ಟಾಪ್ಡ್ ಫಾರ್ ಟೂ ಇಯರ್ಸ್. ಮೈ ಫಾದರ್ ನೀಡೆಡ್ ಸರ್ಜರಿ ಅಂಡ್ ಐ ವರ್ಕ್ಡ್ ಇನ್ ಎ ಫ್ಯಾಕ್ಟರಿ, ಚೆಕಿಂಗ್ ಪ್ಯಾಕ್ಸ್. ಹಿ ಈಸ್ ವೆಲ್ ನೌ.’ ಮೂರು ವಾಕ್ಯ, ಒಂದೂ ವಿಶೇಷಣ ಇಲ್ಲ. ಓದುಗ ಕನಿಕರ ಪಡುವಷ್ಟರಲ್ಲಿ ಅವಳು ಮುಂದಿನ ಪ್ಯಾರಾಕ್ಕೆ ಹೋಗಿರುತ್ತಾಳೆ.

ನಾನು ಮಾಡಿದ ತಪ್ಪು

ಇನ್ನು ಈ ಲೇಖನದ ಮೊದಲ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಗೆರೆ ಹಾಕಿಕೊಂಡವಳೇ ಅದನ್ನು ದಾಟಿದ್ದೆ. ತಾತನ ಪ್ಯಾರಾ ಮುಗಿದ ಕಡೆ ಏನೋ ಕಮ್ಮಿ ಅನ್ನಿಸಿ ಒಂದು ಸಾಲು ಸೇರಿಸಿದ್ದೆ. ಆ ಕ್ಷಣದಲ್ಲೇ ನನ್ನ ದಾರಿ ಯಾವುದು ಅಂತ ನನಗೆ ತಿಳಿಯಿತು, ಅನ್ನುವ ಅರ್ಥದ್ದು. ಕೇಳಲು ಬಹಳ ಇಂಪು. ಅವಳು ‘ಇದು ನಾನಲ್ಲ’ ಅಂದದ್ದು ಆ ಸಾಲಿನ ಮೇಲೆ ಬೆರಳಿಟ್ಟು.

“ನಂಗೆ ಆಗ ಹಾಗೇನೂ ಅನ್ನಿಸ್ಲಿಲ್ಲ ಅಕ್ಕ. ಹತ್ತು ವರ್ಷದವಳಿಗೆ ದಾರಿ ಏನು ಗೊತ್ತಾಗುತ್ತೆ? ಹೆದರಿಕೆ ಆಯ್ತು. ಹೊರಗೆ ಗಿಡ ಇನ್ನೂ ಹಸಿರಾಗೇ ಇತ್ತಲ್ಲ, ಅದಕ್ಕೆ.”

ಎಂಥ ಮಾತು ನೋಡಿ! ಹೊರಗೆ ಹಸಿರು, ಒಳಗೆ ರೋಗ. ಬೇಗ ಪತ್ತೆ ಹಚ್ಚುವುದು ಹೇಗೆ ಅನ್ನುವುದೇ ಅವಳು ಮುಂದೆ ಓದಬೇಕೆಂದಿದ್ದ ವಿಷಯ. ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯ ಅವಳ ಪಟ್ಟಿಯಲ್ಲಿದ್ದದ್ದೂ ಅದಕ್ಕೇ. ಬಾಳೆಯ ಪನಾಮಾ ರೋಗದ ಮೇಲೆ ಅಲ್ಲಿ ಬಹುಕಾಲದಿಂದ ಸಂಶೋಧನೆ ನಡೆದಿದೆ. ನನ್ನ ಇಂಪಾದ ಸಾಲು ಹೋಗಿ ಅವಳ ಹೆದರಿಕೆ ಬಂತು, ‘ಐ ವಾಸ್ ಅಫ್ರೇಡ್, ಬಿಕಾಸ್ ಫ್ರಮ್ ಔಟ್‌ಸೈಡ್ ದ ಪ್ಲಾಂಟ್ ವಾಸ್ ಸ್ಟಿಲ್ ಗ್ರೀನ್’. ಮೊದಲ ಪ್ಯಾರಾಕ್ಕೂ ಕೊನೆಯ ಪ್ಯಾರಾಕ್ಕೂ ಕೊಂಡಿ ಬಿದ್ದದ್ದು ಅಲ್ಲೇ. ಆ ಕೊಂಡಿ ನನಗೆ ಕಂಡಿರಲಿಲ್ಲ.

ಆಮೇಲೆ ಒಂದು ನಿಯಮ ಮಾಡಿದೆವು. ಇಂಗ್ಲಿಷ್ ಪ್ರತಿಯನ್ನು ಅವಳು ಗಟ್ಟಿಯಾಗಿ ಓದಬೇಕು. ನಾಲಿಗೆ ತೊಡರಿದ ಕಡೆ, ಅಥವಾ ‘ಇದರರ್ಥ ಏನು’ ಅಂತ ಕೇಳಿದರೆ ಅವಳದೇ ಮಾತಿನಲ್ಲಿ ಹೇಳಲಾಗದ ಕಡೆ, ಪದ ಬದಲಾಗಬೇಕು. ‘ಮೆಟಿಕ್ಯುಲಸ್’ ಹೋಗಿ ‘ಕೇರ್‌ಫುಲ್’ ಬಂತು. ಇದು ಬರೀ ದನಿಯ ಪ್ರಶ್ನೆಯಲ್ಲ. ಅರ್ಜಿಯ ಜೊತೆ ಐಇಎಲ್‌ಟಿಎಸ್ ಅಂಕವೂ ಹೋಗುತ್ತದೆ, ಬರವಣಿಗೆಗೆ ಅದರಲ್ಲಿ ಬೇರೆಯೇ ಅಂಕ ಇರುತ್ತದೆ. ಅಲ್ಲಿ ಆರೂವರೆ ತೆಗೆದವಳ ಪತ್ರ ಇಲ್ಲಿ ಕಾದಂಬರಿಕಾರರ ಹಾಗಿದ್ದರೆ ಓದುವವರಿಗೆ ಅನುಮಾನ ಬರುವುದು ಸಹಜ. ಸಂದರ್ಶನ ಇದ್ದರಂತೂ ಮೊದಲ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ. ಎಸ್‌ಒಪಿಗೆ ಬೇರೆಯವರ ಸಹಾಯ ಎಷ್ಟು ಪಡೆಯಬಹುದು ಅಂತ ಒಂದೊಂದು ಕಡೆ ಒಂದೊಂದು ನಿಯಮ ಇರುತ್ತದೆ. ಅದನ್ನು ಅರ್ಜಿಯ ಸೂಚನೆಯಲ್ಲಿ ಮೊದಲೇ ಓದಿಕೊಳ್ಳಬೇಕು. ಪೂರ್ತಿ ಸ್ವಂತ ಬರಹವೇ ಆಗಬೇಕು ಅಂದಿದ್ದರೆ ಅನುವಾದಕಿ ಪ್ರಶ್ನೆ ಕೇಳಬಹುದು ಅಷ್ಟೆ, ಪೆನ್ನು ಹಿಡಿಯಬಾರದು.

ಐನೂರು ಪದ

ಉದ್ದದ ವಿಷಯ ಒಂದಿಷ್ಟು ಹೇಳಲೇಬೇಕು. ಗಾದೆಗಳ ಪುಟ ತೆಗೆದ ಮೇಲೆ ಅವಳ ಕನ್ನಡ ಸುಮಾರು 450 ಪದ ಇತ್ತು. ಇಂಗ್ಲಿಷಿನಲ್ಲಿ ಅದು 700ಕ್ಕೆ ಹೋಯಿತು. ‘ಮಾಡಿಸಿದೆವು’ ಅನ್ನುವ ಒಂದು ಪದಕ್ಕೆ ಅಲ್ಲಿ ಮೂರು ನಾಲ್ಕು ಪದ ಬೇಕಲ್ಲ! ಅವಳು ಅರ್ಜಿ ಹಾಕುತ್ತಿದ್ದ ಒಂದು ಕಡೆ ಮಿತಿ ಇದ್ದದ್ದು 500. ಕನ್ನಡದಲ್ಲೇ ಮಿತಿಯೊಳಗಿದೆ ಅಂತ ನಿಶ್ಚಿಂತೆಯಿಂದ ಇದ್ದವಳಿಗೆ ಗಾಬರಿಯಾಯಿತು.

ಇಂಥ ಹೊತ್ತಿನಲ್ಲಿ ಎಲ್ಲ ವಾಕ್ಯಗಳಿಂದಲೂ ಒಂದೊಂದು ಪದ ಕೀಳುವುದು ಸುಲಭದ ದಾರಿ. ಆದರೆ ಹಾಗೆ ಮಾಡಿದರೆ ಮೊದಲು ಹೋಗುವುದು ‘ಗೆರೆ ಗೆರೆ’, ‘ಮಾತ್ರ’, ‘ಅಷ್ಟೇ’ ಇಂಥವು, ದನಿ ಇರುವುದೇ ಅವುಗಳಲ್ಲಿ. ನಾವು ಇಡೀ ಸಂಗತಿಗಳನ್ನೇ ತೆಗೆದೆವು. ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಹೋಯಿತು. ಸೆಮಿನಾರಿನ ಸರ್ಟಿಫಿಕೇಟ್ ಹೋಯಿತು, ಅದು ಹೇಗೂ ಬಯೋಡೇಟಾದಲ್ಲಿತ್ತು. ಯಾವುದು ಹೋಗಬೇಕು ಅಂತ ಆರಿಸಿದ್ದು ಅವಳೇ. ಕೊನೆಗೆ ನಿಂತದ್ದು 490 ಚಿಲ್ಲರೆ ಪದಕ್ಕೆ.

ತಾತನ ತಿದ್ದುಪಡಿ

ಕಳಿಸುವ ಮೊದಲು ಒಂದು ಪರೀಕ್ಷೆ ಬಾಕಿ ಇತ್ತು. ಇಂಗ್ಲಿಷಾದದ್ದನ್ನು ಮೂಲ ನೋಡದೆ ಮತ್ತೆ ಕನ್ನಡಕ್ಕೆ ತಂದು, ಎಲ್ಲಿ ಜಾರಿದೆ ಅಂತ ನೋಡುವುದು. ಅನುವಾದಕರು ಮಾಡುವ ಹಳೆಯ ಕೆಲಸ. ಈ ಸಲ ಅದನ್ನು ಕೇಳಿಸಿಕೊಳ್ಳಲು ಸರಿಯಾದ ಜನ ಅಂದರೆ ತಾತನೇ ಅಂತ, ಡಿಸೆಂಬರಿನ ಒಂದು ಬೆಳಿಗ್ಗೆ ತೋಟಕ್ಕೆ ಹೋದೆವು. ಅವಳು ನರಸೀಪುರದಿಂದ ಬಸ್ಸಿನಲ್ಲಿ ಬಂದಳು, ನಾನು ನಂಜನಗೂಡಿನಿಂದ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ತೋಟದಲ್ಲಿ ಈಗ ಏಲಕ್ಕಿ ಬಾಳೆ, ಬದಿಯಲ್ಲಿ ಅರಿಶಿನ.

ನಾನು ಮೊಬೈಲ್‌ನಲ್ಲಿದ್ದ ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ತಾತ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕೇಳುತ್ತಿದ್ದರು. “ತಾತ ಗಿಡ ಕಡಿದು, ದಿಂಡು ಸೀಳಿ ತೋರಿಸಿದರು” ಅಂದ ಕೂಡಲೇ ಕೈ ಎತ್ತಿದರು.

“ದಿಂಡಲ್ಲ ಕಣವ್ವ. ಗಡ್ಡೆ. ಗಡ್ಡೆ ಕುಯ್ದು ತೋರ್ಸಿದ್ದು ನಾನು. ದಿಂಡು ನೋಡುದ್ರೆ ಒಂದೊಂದ್ಸಲ ಗೊತ್ತಾಗಕಿಲ್ಲ. ರೋಗ ಕೂತಿರೋದು ಗಡ್ಡೇಲಿ.”

ಅವಳ ಕನ್ನಡ ತೆಗೆದು ನೋಡಿದೆ. ‘ಗಿಡ ಕಡಿದು, ಸೀಳಿ’ ಅಂತಷ್ಟೇ ಇತ್ತು. ಏನನ್ನು ಸೀಳಿದರು ಅಂತ ಅವಳು ಹೇಳಿರಲಿಲ್ಲ, ಕನ್ನಡಕ್ಕೆ ಅದು ಬೇಕಾಗಿರಲಿಲ್ಲ. ಇಂಗ್ಲಿಷಿಗೆ ಒಂದು ಕರ್ಮಪದ ಬೇಕಿತ್ತು, ನಾನು ಕೇಳದೆ ‘ಸ್ಟೆಮ್’ ಅಂತ ತುಂಬಿದ್ದೆ. ಸಸ್ಯರೋಗ ಬಲ್ಲವರು ಓದುವ ಪತ್ರದಲ್ಲಿ ಆ ಪದಕ್ಕೆ ಬೆಲೆ ಇದೆ. ಅಲ್ಲೇ ಬದುವಿನ ಮೇಲೆ ಕೂತು ಅವಳು ‘ಸ್ಟೆಮ್’ ಅಳಿಸಿ ‘ಕಾರ್ಮ್’ ಅಂತ ಹಾಕಿದಳು. ಬಾಳೆಯ ಗಡ್ಡೆಗೆ ಇರುವ ಆ ಪದ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

“ಮುಂದುಕ್ ಓದವ್ವ” ಅಂದರು ತಾತ. ಓದಿದೆ. ಮಣ್ಣಿನ ರಿಪೋರ್ಟಿನ ಸಾಲು ಬಂದಾಗ ನಕ್ಕರು. ಆಪರೇಷನ್ ಸಾಲು ಬಂದಾಗ ಮೊಮ್ಮಗಳ ಕಡೆ ನೋಡಿದರು, ಏನೂ ಹೇಳಲಿಲ್ಲ. ಮುಗಿದ ಮೇಲೆ ಟವೆಲ್ ಕೊಡವಿ ಎದ್ದು, “ಸರಿ ಹೇಳವ್ಳೆ. ಕಳ್ಸಿ” ಅಂದರು.

ಸಂಜೆ ನರಸೀಪುರದ ಬಸ್ ಹತ್ತುವ ಮೊದಲು ಅವಳು ಕಳಿಸಿದಳು. ಈಗ ಉತ್ತರಕ್ಕೆ ಕಾಯುತ್ತಿದ್ದಾಳೆ.